ಕಾಲೇಜು ಹಬ್ಬಕ್ಕೆ ಐದು ದಿನದ ಟೀಸರ್: ನನ್ನ ಸ್ಕ್ರಿಪ್ಟ್ ಸಪ್ಪೆ ಅನ್ನಿಸುತ್ತಿದೆ, ನೋಡಿ ಹೇಳ್ತೀರಾ?

ಬದಿಯಡ್ಕದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದೇನೆ. ಇನ್ನು ಮೂರು ವಾರಕ್ಕೆ ನಮ್ಮ ಸಾಂಸ್ಕೃತಿಕ ಹಬ್ಬ. ಶುಕ್ರವಾರ ಸಂಜೆ 5ಕ್ಕೆ ಶುರು. ಅದಕ್ಕಿಂತ ಮೊದಲ ಐದು ದಿನ, ದಿನಕ್ಕೊಂದರಂತೆ ಐದು ಟೀಸರ್ ಬಿಡಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬರೆದದ್ದು ಇಷ್ಟು. ಮೊದಲ ದಿನ ಕಾಲೇಜಿನ ಗೇಟು, ದೊಡ್ಡದಾಗಿ "5" ಅಂತ ಅಂಕಿ, ಹಿಂದಿನಿಂದ ಧ್ವನಿ: "ಇನ್ನು ಐದೇ ದಿನ! ಸಿದ್ಧರಾಗಿ!" ಎರಡನೇ ದಿನ ಲೈಬ್ರರಿ, "4", "ಇನ್ನು ನಾಲ್ಕೇ ದಿನ! ಕಾತರ ಹೆಚ್ಚುತ್ತಿದೆ!" ಮೂರನೇ ದಿನ ಸಭಾಂಗಣ, ನಾಲ್ಕನೇ ದಿನ ಕಳೆದ ವರ್ಷದ ಕುಣಿತದ ತುಣುಕುಗಳು, ಕೊನೆಯ ದಿನ ಎಲ್ಲರೂ ಸೇರಿ ಕೂಗುವುದು. ಒಂದೊಂದೂ 30 ಸೆಕೆಂಡು.

ಗೆಳತಿಗೆ ಓದಿ ಹೇಳಿದೆ. ಚೆನ್ನಾಗಿದೆ ಅಂದಳು. ಆದರೆ ಎರಡನೆಯದನ್ನು ಓದುವಾಗಲೇ ಮೊಬೈಲ್ ನೋಡಲು ಶುರು ಮಾಡಿದಳು. ಎಲ್ಲಿ ತಪ್ಪಿದೆ?

ಮುಳ್ಳೇರಿಯದವ

ತಪ್ಪು ಸುಲಭ. ಜನರಿಗೆ ಬೇಕಾದ ವಿಷಯವೇ ಇಲ್ಲ. ಮೊದಲ ದಿನವೇ ಎಲ್ಲಾ ಹೇಳಿಬಿಡಿ. ದಿನ, ಸಮಯ, ಜಾಗ, ಯಾರು ಅತಿಥಿ, ಯಾವ ಬ್ಯಾಂಡು, ಊಟ ಇದೆಯಾ ಇಲ್ವಾ. ಮುಚ್ಚಿಟ್ಟರೆ ಯಾರೂ ಕಾಯುವುದಿಲ್ಲ. ಉಳಿದ ನಾಲ್ಕು ದಿನ ಅದನ್ನೇ ಮತ್ತೆ ಮತ್ತೆ ಹಾಕಿ.

ಪೆರ್ಲದ ಟೀಚರ್

ಒಳ್ಳೆ ಪ್ರಶ್ನೆ ಮಗಳೇ. ನಮ್ಮ ಶಾಲೆಯ ವಾರ್ಷಿಕೋತ್ಸವವೂ ಬರುತ್ತಿದೆ. ಐದು ದಿನದ ಕಾರ್ಯಕ್ರಮ ಅಂದರೆ ಮೊದಲ ದಿನ ಆಟೋಟ, ಎರಡನೇ ದಿನ ಭಾಷಣ ಸ್ಪರ್ಧೆ ಇಟ್ಟುಕೊಳ್ಳಿ. ಕುಣಿತವನ್ನೆಲ್ಲ ಒಂದೇ ದಿನ ಇಡಬೇಡಿ, ಮಕ್ಕಳಿಗೆ ಬಟ್ಟೆ ಬದಲಿಸಲು ಸಮಯ ಸಾಲುವುದಿಲ್ಲ.

ಬದಿಯಡ್ಕದ ಹುಡುಗಿ

ಟೀಚರ್, ಹಬ್ಬ ಒಂದೇ ಸಂಜೆ. ಅದಕ್ಕೆ ಮೊದಲು ಐದು ದಿನ ಜನರನ್ನು ಕಾಯಿಸುವ ಸಣ್ಣ ವಿಡಿಯೋಗಳ ಬಗ್ಗೆ ಕೇಳಿದ್ದು. ಬಟ್ಟೆ ಬದಲಿಸುವ ಮಾತು ನಮಗೂ ಉಪಯೋಗವಾಗುತ್ತದೆ, ಕಾರ್ಯಕ್ರಮದ ಪಟ್ಟಿ ಮಾಡುವವರಿಗೆ ಹೇಳುತ್ತೇನೆ.

ಉಪ್ಪಳದ ಎಡಿಟರ್

ನಾನು ಹತ್ತು ವರ್ಷದಿಂದ ಮದುವೆ, ಕಾಲೇಜು, ದೇವಸ್ಥಾನದ ಜಾತ್ರೆ ಅಂತ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ನಿಮ್ಮ ಸ್ಕ್ರಿಪ್ಟಿನ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಎರಡನೇ ದಿನದ್ದನ್ನು ಮೂರನೇ ದಿನಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಅಂಕಿ ಮಾತ್ರ ಬದಲಿಸಿ. ಏನಾದರೂ ಕೆಟ್ಟಿತಾ? ಇಲ್ಲ. ಅದೇ ತೊಂದರೆ. ನಿಮ್ಮಲ್ಲಿ ಐದು ಪೋಸ್ಟರ್ ಇದೆ, ಒಂದು ಟೀಸರ್ ಇಲ್ಲ. ಇವತ್ತು ನೋಡಿದವರಿಗೆ ನಾಳೆ ಬಂದು ನೋಡಲು ಕಾರಣ ಸಿಗುವುದಿಲ್ಲ. ಗೇಟು, ಲೈಬ್ರರಿ, ಸಭಾಂಗಣ ಎಲ್ಲರೂ ದಿನಾ ನೋಡುವ ಜಾಗಗಳು.

ಮುಳ್ಳೇರಿಯದವರ ಮಾತಿನಲ್ಲಿ ಅರ್ಧ ಸರಿ ಇದೆ, ಅದನ್ನು ಬಿಡಬೇಡಿ. ಯಾರೋ ಒಬ್ಬರು ಐದರಲ್ಲಿ ಒಂದನ್ನೇ ನೋಡುತ್ತಾರೆ. ಅವರಿಗೂ ದಿನ, ಸಮಯ, ಜಾಗ ಗೊತ್ತಾಗಬೇಕು. ಹಾಗಾಗಿ ಐದರಲ್ಲೂ ಒಂದೇ ಸಾಲು, ಒಂದೇ ಜಾಗದಲ್ಲಿ, ಒಂದೇ ಅಕ್ಷರದಲ್ಲಿ ಇರಲಿ. ಅದು ಮುಚ್ಚಿಡುವ ವಿಷಯ ಅಲ್ಲ. ಮುಚ್ಚಿಡಬೇಕಾದ್ದು ಬೇರೆ ಏನೋ ಇರಬೇಕು. ಅದು ಏನು ಅಂತ ಮೊದಲು ತೀರ್ಮಾನ ಮಾಡಿ. ಐದನೆಯ ವಿಡಿಯೋದಲ್ಲೂ ಅದನ್ನು ಬಿಡಬೇಡಿ. ಅದು ಬಿಚ್ಚಿಕೊಳ್ಳಬೇಕಾದ್ದು ವೇದಿಕೆಯ ಮೇಲೆ.

ನೀರ್ಚಾಲು ಮಾಷ್ಟ್ರು

ಎಡಿಟರ್ ಹೇಳಿದ್ದು ಕೇಳಿ ನನಗೆ ನಮ್ಮ ತೆಂಕುತಿಟ್ಟಿನ ತೆರೆ ನೆನಪಾಯಿತು. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಸೀದಾ ಬಂದು ನಿಲ್ಲುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ. ತೆರೆ ಅಲುಗುತ್ತದೆ. ಮೇಲೆ ಕಿರೀಟದ ತುದಿ ಕಾಣುತ್ತದೆ, ಮತ್ತೆ ಇಳಿಯುತ್ತದೆ. ಕೈ ಕಾಣುತ್ತದೆ. ಕಣ್ಣು ಕಂಡ ಹಾಗೆ ಆಗುತ್ತದೆ, ಅಷ್ಟರಲ್ಲಿ ಮತ್ತೆ ಮುಚ್ಚುತ್ತದೆ. ಎದುರು ಕೂತ ಮಕ್ಕಳು ಉಸಿರು ಹಿಡಿದಿರುತ್ತಾರೆ. ನಾನೂ ಚಿಕ್ಕವನಿರುವಾಗ ಅಮ್ಮನ ಸೆರಗಿನ ಹಿಂದೆ ಕೂತು ಹಾಗೇ ನೋಡಿದ್ದೇನೆ. ರಾಕ್ಷಸ ಬರುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಕಾಯುತ್ತೇವೆ.

ಇನ್ನೊಂದು. ಆಟ ಇದೆ ಅಂತ ಊರಿಗೆ ತಿಳಿಸಲು ಮೊದಲು ಚೆಂಡೆ ಬಡಿಯುತ್ತಿದ್ದರು. ಅದಕ್ಕೆ "ಕೇಳಿ" ಅನ್ನುತ್ತಾರೆ. ಗುಡ್ಡದ ಆಚೆ ಮನೆಯವರಿಗೂ ಅದು ಕೇಳಿದರೆ ಸಾಕು, ಯಾವ ಪ್ರಸಂಗ, ಯಾರ ವೇಷ ಏನೂ ಗೊತ್ತಿಲ್ಲದೆ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ನೀವು. ನಿಮ್ಮ ಟೀಸರ್ ಇಲ್ಲೇ ಇದೆ ಅಲ್ವಾ?

ಬದಿಯಡ್ಕದ ಹುಡುಗಿ

ಮಾಷ್ಟ್ರೇ, ಮೈ ಜುಮ್ಮೆಂದಿತು. ಹಾಗಾದರೆ ಐದು ದಿನವೂ ಒಂದೇ ತೆರೆ. ದಿನಕ್ಕೆ ಸ್ವಲ್ಪ ಸ್ವಲ್ಪ ಕಾಣುವುದು. ಮೊದಲ ಸಾಲಿಗೆ "ಕೇಳಿ" ಅನ್ನುವ ಒಂದೇ ಮಾತು ಸಾಕು. ಕೇಳಿಸಿಕೊಳ್ಳಿ ಅಂತಲೂ ಆಗುತ್ತದೆ, ಚೆಂಡೆಯ ಕೇಳಿ ಅಂತಲೂ ಆಗುತ್ತದೆ.

ತಳಂಗರೆಯ ದಫ್

ಯೋಚನೆ ಒಳ್ಳೆಯದು, ಆದರೆ ನನಗೊಂದು ಮಾತು ಹೇಳಬೇಕು. ನಿಮ್ಮ ಹಬ್ಬದಲ್ಲಿ ಯಕ್ಷಗಾನ ಒಂದೇ ಇರುವುದಿಲ್ಲ. ನಮ್ಮ ಮಾಪಿಳ್ಳೆಯವರ ದಫ್ ಮುಟ್ಟು, ಒಪ್ಪನ, ಕೋಲ್ಕಳಿ ಕುಣಿತಗಳು ಇರುತ್ತವೆ, ತುಳು ಕಿರುನಾಟಕ ಇರುತ್ತದೆ, ಗಿಟಾರು ಹಿಡಿಯುವ ಹುಡುಗರಿರುತ್ತಾರೆ. ಐದು ದಿನ ಕಿರೀಟ ಮತ್ತು ಚೆಂಡೆ ಮಾತ್ರ ತೋರಿಸಿದರೆ ನಮ್ಮ ಕಡೆಯವರು ಇದು ಅವರ ಕಾರ್ಯಕ್ರಮ ಅಂತ ಮನೆಯಲ್ಲೇ ಕೂರುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ಪೋಸ್ಟರಿನಲ್ಲಿ ನಮ್ಮ ತಂಡದ ಒಂದು ಗೆರೆಯೂ ಇರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಉಪ್ಪಳದ ಎಡಿಟರ್

ನಿಮ್ಮ ಮಾತು ಬಂದದ್ದೇ ಒಳ್ಳೆಯದಾಯಿತು ಅಣ್ಣ, ಇದರಿಂದ ಸ್ಕ್ರಿಪ್ಟ್ ಇನ್ನೂ ಗಟ್ಟಿಯಾಗುತ್ತದೆ. ತೆರೆಯ ಹಿಂದೆ ಒಬ್ಬ ರಾಕ್ಷಸ ಬೇಡ, ಬೇರೆ ಬೇರೆ ಕಲೆಯವರು ಒಟ್ಟಿಗೆ ನಿಲ್ಲಲಿ. ಯಾರು ಅಂತ ಹೇಳದೆ ದಿನಕ್ಕೊಂದು ಅಂಗ ತೋರಿಸೋಣ. ಹಬ್ಬ ಶುಕ್ರವಾರ, ಹಾಗಾಗಿ ಮೊದಲನೆಯದು ಭಾನುವಾರ.

ಭಾನುವಾರ, 12 ಸೆಕೆಂಡು. ಬರೀ ತೆರೆ. ಯಾರೂ ಕಾಣುವುದಿಲ್ಲ. ದೂರದಲ್ಲಿ ಚೆಂಡೆ. ನಾಲ್ಕನೇ ಸೆಕೆಂಡಿಗೆ ತೆರೆ ಹಿಂದಿನಿಂದ ಒಮ್ಮೆ ಅಲುಗುತ್ತದೆ. ಧ್ವನಿ: "ಕೇಳಿ." ಎರಡು ಸೆಕೆಂಡು ಬಿಟ್ಟು: "ಯಾರೋ ಬರುತ್ತಿದ್ದಾರೆ." ಅಷ್ಟೇ.

ಸೋಮವಾರ, 12 ಸೆಕೆಂಡು. ತೆರೆಯ ಕೆಳಗೆ ಕಾಲುಗಳು ಮಾತ್ರ. ಗೆಜ್ಜೆ ಕಟ್ಟಿದ ಕಾಲು, ಕ್ಯಾನ್ವಾಸ್ ಶೂ ಹಾಕಿದ ಕಾಲು, ಮದರಂಗಿಯ ಕಾಲು. ಮೊದಲು ಒಂದು ಕಾಲು ತಾಳ ಹಾಕುತ್ತದೆ, ಮತ್ತೊಂದು ಸೇರುತ್ತದೆ, ಮೂರನೆಯದೂ ಸೇರುತ್ತದೆ. ಧ್ವನಿ: "ಹೆಜ್ಜೆ ಕೇಳಿತು. ಯಾರದ್ದು?"

ಮಂಗಳವಾರ, 15 ಸೆಕೆಂಡು. ತೆರೆಯ ಮೇಲಂಚನ್ನು ಹಿಡಿಯುವ ಕೈಗಳು. ದಫ್ ಬಡಿದು ಕೆಂಪಾದ ಬೆರಳು, ಮದರಂಗಿ, ತಂತಿ ಒತ್ತಿ ಗಟ್ಟಿಯಾದ ಬೆರಳ ತುದಿ. ಇಲ್ಲಿ ಚೆಂಡೆಗೆ ದಫ್ ಸೇರಲಿ.

ಬುಧವಾರ, 15 ಸೆಕೆಂಡು. ತಲೆಗಳ ತುದಿ. ಕಿರೀಟದ ತುದಿ ಏಳುತ್ತದೆ, ಇಳಿಯುತ್ತದೆ. ಬಿಳಿ ಟೋಪಿ. ಮಲ್ಲಿಗೆ ಮುಡಿದ ಜಡೆ.

ಗುರುವಾರ, 20 ಸೆಕೆಂಡು. ಎಲ್ಲಾ ವಾದ್ಯ ಒಟ್ಟಿಗೆ, ಏರುತ್ತಾ ಏರುತ್ತಾ ಹೋಗಲಿ. ತೆರೆ ಕಣ್ಣಿನವರೆಗೆ ಇಳಿಯಲಿ. ಸಾಲಾಗಿ ಕಣ್ಣುಗಳು. ತಟ್ಟನೆ ಪೂರ್ತಿ ನಿಶ್ಶಬ್ದ. ಮೂರು ಸೆಕೆಂಡು ಏನೂ ಬೇಡ. ಕಪ್ಪು ಪರದೆ. ಆಮೇಲೆ ಬರಹ ಮಾತ್ರ.

ಶುಕ್ರವಾರ ಸಂಜೆ ವೇದಿಕೆಯಲ್ಲಿ ಅದೇ ತೆರೆ, ಅದೇ ಬಟ್ಟೆ. ಅದು ಸರಿದಾಗ ಅದೇ ಜನ ನಿಂತಿರಬೇಕು. ಇದು ತಪ್ಪಿದರೆ ಐದು ದಿನ ಕಾದವರಿಗೆ ಮೋಸ ಮಾಡಿದ ಹಾಗೆ. ಉದ್ಘಾಟನೆ ಮಾಡುವ ಅಧ್ಯಾಪಕರ ಹತ್ತಿರ ಈಗಲೇ ಮಾತಾಡಿ. ಭಾಷಣ ಮುಗಿದ ಮೇಲೆ ಅಲ್ಲ, ಭಾಷಣಕ್ಕಿಂತ ಮೊದಲೇ ತೆರೆ ಸರಿಯಲಿ.

ಬದಿಯಡ್ಕದ ಹುಡುಗಿ

ಅಣ್ಣ, ಇದನ್ನು ಓದಿ ಸಮಿತಿಯವರೆಲ್ಲ ಒಪ್ಪಿದರು. ಕೊನೆಯ ಬರಹ ಹೀಗಿರಲಿ ಅಂದುಕೊಂಡೆ: "ನಾಳೆ ತೆರೆ ಬೀಳುತ್ತದೆ." ಸರಿಯಾ? ಇನ್ನೊಂದು ಸಂಶಯ. ಆರು ತಂಡ ಇವೆ. ಆರೂ ಜನರನ್ನು ನಿಲ್ಲಿಸಬಹುದಾ?

ನೀರ್ಚಾಲು ಮಾಷ್ಟ್ರು

ಬೇಡ ಮಗಳೇ! ತೆರೆ ಬಿತ್ತು ಅಂದರೆ ನಮ್ಮ ಭಾಷೆಯಲ್ಲಿ ಮುಗಿಯಿತು ಅಂತ ಅರ್ಥ. ಪೇಪರಿನಲ್ಲಿ "ಸಮ್ಮೇಳನಕ್ಕೆ ತೆರೆ" ಅಂತ ಬಂದರೆ ಸಮ್ಮೇಳನ ಮುಗಿದಿದೆ. "ತೆರೆ ಸರಿಯುತ್ತದೆ" ಅನ್ನಿ.

ಕಿರೀಟದ ವಿಷಯದಲ್ಲೂ ಒಂದು ಮಾತು. ಪೂರ್ತಿ ಬಣ್ಣದ ವೇಷ ಮಾಡಿಸಲು ಹೋಗಬೇಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಕೆಲವು ಸೆಕೆಂಡಿಗೆ ಕಲಾವಿದರನ್ನು ಹಾಗೆ ಕೂರಿಸುವುದು ಸರಿಯಲ್ಲ. ನಿಮಗೆ ಬೇಕಾದ್ದು ಕಿರೀಟದ ತುದಿ ಮತ್ತು ಕಣ್ಣು. ಮೇಳದವರಲ್ಲಿ ಅಥವಾ ವೇಷಭೂಷಣ ಕೊಡುವವರಲ್ಲಿ ಕೇಳಿ ತನ್ನಿ. ಏತಕ್ಕೆ ಅಂತ ಸರಿಯಾಗಿ ಹೇಳಿ. ನೆಲದ ಮೇಲೆ ಇಡಬೇಡಿ. ಸೆಲ್ಫಿಗೆ ತಲೆಯಿಂದ ತಲೆಗೆ ಬದಲಿಸಬೇಡಿ. ಅದನ್ನು ಪೂಜೆ ಮಾಡಿ ಕಟ್ಟುವವರಿದ್ದಾರೆ.

ಉಪ್ಪಳದ ಎಡಿಟರ್

ಆರು ಜನ ಒಂದೇ ಚೌಕಟ್ಟಿಗೆ ಆಗುವುದಿಲ್ಲ. ಮೊಬೈಲಿಗೆ ಅಂದರೆ ನಿಂತ ಚೌಕಟ್ಟು, ಅಗಲ 9 ಇದ್ದರೆ ಎತ್ತರ 16. ಆರು ಜನರನ್ನು ಅದರಲ್ಲಿ ತುಂಬಿಸಲು ಹಿಂದೆ ಹಿಂದೆ ಹೋದರೆ ಎಲ್ಲರೂ ಇರುವೆಯ ಹಾಗೆ ಕಾಣುತ್ತಾರೆ, ಮೇಲೆ ಕೆಳಗೆ ಖಾಲಿ ಗೋಡೆ ಮಾತ್ರ. ಮೂರು ಜನ ಸರಿ. ಆರು ತಂಡವೂ ಬರಬೇಕಾದರೆ ದಿನ ದಿನ ಜನ ಬದಲಿಸಿ: ಕಾಲು ಮೂವರದ್ದು, ಕೈ ಉಳಿದ ಮೂವರದ್ದು. ಗುರುವಾರದ ಕಣ್ಣುಗಳಿಗೆ ಮಾತ್ರ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಲಿ, ಆಗ ಆರೂ ಜನ ಬರುತ್ತಾರೆ.

ಬರಹವನ್ನು ಚೌಕಟ್ಟಿನ ತೀರಾ ಕೆಳಗೆ ಇಡಬೇಡಿ. ರೀಲ್ಸ್‌ನಲ್ಲಿ ಕೆಳಗೆ ಖಾತೆಯ ಹೆಸರು, ಬಲಕ್ಕೆ ಬಟನ್‌ಗಳು ಬಂದು ಕೂರುತ್ತವೆ. ಕೆಳಗಿನ ನಾಲ್ಕನೇ ಒಂದು ಭಾಗ ಇಲ್ಲವೇ ಇಲ್ಲ ಅಂದುಕೊಳ್ಳಿ. ಕಾಲಿನ ಶಾಟ್ ತೆಗೆಯುವಾಗಲೂ ಇದು ನೆನಪಿರಲಿ. ಕಾಲು ತೀರಾ ಕೆಳಗಿದ್ದರೆ ಗೆಜ್ಜೆಯ ಮೇಲೆ ಕಾಲೇಜಿನ ಹೆಸರು ಕೂರುತ್ತದೆ.

ಇನ್ನೊಂದು, ಎಷ್ಟೋ ಜನ ಸೌಂಡ್ ಇಲ್ಲದೆ ನೋಡುತ್ತಾರೆ. ಬಸ್ಸಿನಲ್ಲಿ, ಕ್ಲಾಸಿನಲ್ಲಿ. "ಕೇಳಿ" ಅನ್ನುವ ಮಾತು ಅಕ್ಷರದಲ್ಲೂ ಬರಲಿ. ಆಗ ಅವರೇ ಸೌಂಡ್ ಹಾಕುತ್ತಾರೆ.

ಮುಳ್ಳೇರಿಯದವ

ನಾನು ಹೇಳಿದ್ದನ್ನು ಸರಿಯಾಗಿ ತೆಗೆದುಕೊಂಡದ್ದಕ್ಕೆ ಖುಷಿ. ಆದರೂ ಅತಿಥಿಯ ಹೆಸರು ಮೊದಲ ದಿನ ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ಜನ ಬರುವುದು ಹೆಸರಿಗೆ.

ಮಂಜೇಶ್ವರದ ಹಳೆ ವಿದ್ಯಾರ್ಥಿ

ಬೇಡ ಅಂತ ನಾನು ಅನುಭವದಿಂದ ಹೇಳುತ್ತೇನೆ. ನಾನು ಓದುವಾಗ ನಾವೂ ಐದು ದಿನದ ವಿಡಿಯೋ ಮಾಡಿದೆವು. ಮೊದಲನೆಯದರಲ್ಲೇ ಒಬ್ಬ ಗಾಯಕರ ಫೋಟೋ ಹಾಕಿದೆವು. ಅವರು ಫೋನಿನಲ್ಲಿ "ನೋಡೋಣ" ಅಂದದ್ದನ್ನು ನಾವು ಬರುತ್ತೇನೆ ಅಂತ ಕೇಳಿಸಿಕೊಂಡಿದ್ದೆವು. ಎರಡು ದಿನ ಇರುವಾಗ ಬರಲಾಗುವುದಿಲ್ಲ ಅಂತ ಗೊತ್ತಾಯಿತು. ವಿಡಿಯೋ ಅಳಿಸಿದೆವು. ಆದರೆ ಡೌನ್‌ಲೋಡ್ ಮಾಡಿ ಕಳುಹಿಸಿದವರ ಫೋನಿನಿಂದ ಅಳಿಸಲು ನಮ್ಮಿಂದ ಆಗುತ್ತದಾ? ಹಬ್ಬದ ದಿನ ದೂರದಿಂದ ಬಂದವರು ಗೇಟಿನಲ್ಲಿ ಅವರ ಹೆಸರು ಹೇಳಿ ಕೇಳುತ್ತಿದ್ದರು. ಉತ್ತರ ಕೊಡುವಾಗ ಗಂಟಲು ಕಟ್ಟಿತ್ತು.

ಬರಹದಲ್ಲಿ ಒಪ್ಪಿಗೆ ಬರುವವರೆಗೆ ಯಾರ ಮುಖವೂ ಬೇಡ. ಇನ್ನೊಂದು ತಪ್ಪೂ ಮಾಡಿದ್ದೆವು. ಕೊನೆಯ ವಿಡಿಯೋದಲ್ಲಿ "ನಾಳೆ" ಅಂತ ಮಾತ್ರ ಇತ್ತು, ತಾರೀಕು ಇರಲಿಲ್ಲ. ಅದು ಹಬ್ಬದ ದಿನವೂ ಗುಂಪಿನಿಂದ ಗುಂಪಿಗೆ ಹೋಗುತ್ತಿತ್ತು. ಅವತ್ತು ಬೆಳಿಗ್ಗೆ ಅದನ್ನು ನೋಡಿದವರು ಹಬ್ಬ ಮರುದಿನ ಅಂದುಕೊಂಡರು.

ಉಪ್ಪಳದ ಎಡಿಟರ್

ಇದು ತುಂಬಾ ಮುಖ್ಯ. "ಇನ್ನು 3 ದಿನ" ಅನ್ನುವುದು ಹಾಕಿದ ದಿನ ಮಾತ್ರ ಸತ್ಯ. ವಾಟ್ಸಾಪ್ ಸ್ಟೇಟಸ್ 24 ಗಂಟೆ ಇರುತ್ತದೆ. ಸಂಜೆ 7ಕ್ಕೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನೋಡುವವರಿಗೆ ಆಗಲೇ ಲೆಕ್ಕ ಒಂದು ದಿನ ತಪ್ಪಿರುತ್ತದೆ. ಅಂಕಿ ದೊಡ್ಡದಾಗಿ ಇರಲಿ, ಆದರೆ ಅದರ ಪಕ್ಕದಲ್ಲೇ ವಾರ ಮತ್ತು ತಾರೀಕು ಇರಲಿ. ಲೆಕ್ಕದ ಮೇಲೆ ಸಮಿತಿಯಲ್ಲಿ ಜಗಳವೂ ಆಗುತ್ತದೆ, ಹಬ್ಬದ ದಿನವನ್ನು ಸೇರಿಸುವುದಾ ಬೇಡವಾ ಅಂತ. ಸೇರಿಸಬೇಡಿ. ಭಾನುವಾರ 5, ಗುರುವಾರ 1.

ತಳಂಗರೆಯ ದಫ್

ಬರಹ ಯಾವ ಭಾಷೆಯಲ್ಲಿ? ಕನ್ನಡ ಮಾತ್ರ ಹಾಕಿದರೆ ಕಾಲೇಜಿನ ಅರ್ಧ ಮಕ್ಕಳಿಗೆ ಓದಲು ಆಗುವುದಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಓದಿದೆ, ಆದರೆ ನನ್ನ ತಂಗಿ ಮಲಯಾಳದಲ್ಲಿ ಓದಿದ್ದು. ಮನೆಯಲ್ಲಿ ಒಂದೇ ಮಾತು, ಲಿಪಿ ಬೇರೆ.

ಬದಿಯಡ್ಕದ ಹುಡುಗಿ

ಇದರ ಮೇಲೆ ನಮ್ಮಲ್ಲೂ ದೊಡ್ಡ ಚರ್ಚೆ ಆಗುತ್ತಿದೆ. ಎರಡು ಭಾಷೆಗೆ ಎರಡು ಬೇರೆ ವಿಡಿಯೋ ಮಾಡೋಣ ಅಂತ ಒಬ್ಬರು. ಇಂಗ್ಲಿಷಿನಲ್ಲಿ ಹಾಕಿ ಮುಗಿಸೋಣ ಅಂತ ಇನ್ನೊಬ್ಬರು. ನನಗೆ ಎರಡೂ ಮನಸ್ಸಿಗೆ ಬರುತ್ತಿಲ್ಲ.

ಉಪ್ಪಳದ ಎಡಿಟರ್

ಈ ಸ್ಕ್ರಿಪ್ಟಿನಲ್ಲಿ ಮಾತು ಬಹಳ ಕಡಿಮೆ, ಅದು ನಿಮಗೆ ಅನುಕೂಲ. ದಿನ, ಸಮಯ, ಜಾಗದ ಸಾಲನ್ನು ಎರಡೂ ಲಿಪಿಯಲ್ಲಿ, ಒಂದೇ ಗಾತ್ರದಲ್ಲಿ ಹಾಕಿ. ಧ್ವನಿಯ ಮಾತು ದಿನಕ್ಕೊಂದು ಭಾಷೆಯಾದರೆ ಹೇಗೆ? ಒಂದು ದಿನ ಕನ್ನಡ, ಒಂದು ದಿನ ಮಲಯಾಳ, ಒಂದು ದಿನ ತುಳು. "ಯಾರೋ ಬರುತ್ತಿದ್ದಾರೆ" ಅಂತ ಯಾವ ಭಾಷೆಯಲ್ಲಿ ಹೇಳಿದರೂ ಚಿತ್ರ ನೋಡಿದವರಿಗೆ ಅರ್ಥವಾಗುತ್ತದೆ.

ನೀರ್ಚಾಲು ಮಾಷ್ಟ್ರು

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಲಿಪಿ ಎರಡಿರಲಿ. ಆದರೆ ಧ್ವನಿ ದಿನಕ್ಕೊಂದಾದರೆ "ಕೇಳಿ" ಅನ್ನುವ ಒಂದೇ ಕೊರಳಿನ ಕರೆ ಒಡೆದು ಹೋಗುತ್ತದೆ. ಆಟದಲ್ಲಿ ಹಾಡಿ ಕಥೆ ನಡೆಸುವ ಭಾಗವತರು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರೇ ಅಲ್ವಾ? ಇಲ್ಲಿ ಕನ್ನಡದ ಧ್ವನಿ ಕೇಳುವುದೇ ಕಡಿಮೆಯಾಗುತ್ತಿದೆ ಅನ್ನುವ ನೋವೂ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ.

ತಳಂಗರೆಯ ದಫ್

ಮಾಷ್ಟ್ರೇ, ನಿಮ್ಮ ನೋವು ನನಗೂ ಅರ್ಥವಾಗುತ್ತದೆ. ಆದರೂ ನನ್ನ ತಂಗಿ ಮಲಯಾಳದಲ್ಲಿ ಒಂದು ಸಾಲು ಕೇಳಿದರೆ, ಉಳಿದ ನಾಲ್ಕು ದಿನದ ಕನ್ನಡವನ್ನೂ ಕೂತು ಕೇಳುತ್ತಾಳೆ ಅಂತ ನನಗೆ ಅನ್ನಿಸುತ್ತದೆ.

ಬದಿಯಡ್ಕದ ಹುಡುಗಿ

ಇಬ್ಬರ ಮಾತನ್ನೂ ಸಮಿತಿಯ ಮುಂದೆ ಹಾಗೇ ಓದುತ್ತೇನೆ. ಅಲ್ಲಿ ತೀರ್ಮಾನವಾಗಲಿ.

ಇವತ್ತು ಪರೀಕ್ಷೆಗೆ ಅಂತ ಸೋಮವಾರದ ಕಾಲಿನ ಶಾಟ್ ಮಾಡಿದೆವು. ಮೂರು ತೊಂದರೆ ಬಂತು. ಒಂದು, ಚೆಂಡೆಯ ಶಬ್ದ ಇಯರ್‌ಫೋನಿನಲ್ಲಿ ಕರಕರ ಅನ್ನುತ್ತದೆ. ಎರಡು, ಮಧ್ಯಾಹ್ನದ ಗಾಳಿಗೆ ತೆರೆ ಎದ್ದು ಎಲ್ಲರ ಮೊಣಕಾಲಿನವರೆಗೆ ಕಂಡಿತು. ಮೂರು, ಬರಹದಲ್ಲಿ "ಸಾಂಸ್ಕೃತಿಕ" ಅನ್ನುವ ಪದ ಒಡೆದು ಬರುತ್ತಿದೆ. ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿದೆ.

ಉಪ್ಪಳದ ಎಡಿಟರ್

ಚೆಂಡೆಯ ಪಕ್ಕ ಫೋನ್ ಹಿಡಿದಿದ್ದೀರಿ, ಅಲ್ವಾ? ಅಷ್ಟು ದೊಡ್ಡ ಶಬ್ದಕ್ಕೆ ಫೋನಿನ ಮೈಕ್ ತುಂಬಿ ಒಡೆಯುತ್ತದೆ. ಹಾಗೆ ಒಡೆದ ಶಬ್ದವನ್ನು ಎಡಿಟ್ ಮಾಡುವಾಗ ತಗ್ಗಿಸಿದರೆ ಸಣ್ಣ ಕರಕರ ಆಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಮತ್ತೆ ರೆಕಾರ್ಡ್ ಮಾಡಬೇಕು. ಹೊರಗೆ ಬಯಲಿನಲ್ಲಿ ಚೆಂಡೆ ಇರಲಿ, ನೀವು ಇಪ್ಪತ್ತು ಹೆಜ್ಜೆ ದೂರ ಹೋಗಿ. ಒಂದು ನಿಮಿಷ ತೆಗೆದು ಅಲ್ಲೇ ಇಯರ್‌ಫೋನ್ ಹಾಕಿ ಕೇಳಿ. ಕರಕರ ಇದ್ದರೆ ಇನ್ನೂ ಹತ್ತು ಹೆಜ್ಜೆ. ನಿಮ್ಮ ಸ್ಕ್ರಿಪ್ಟಿಗೆ ಬೇಕಾದ್ದೂ ದೂರದ ಚೆಂಡೆಯೇ. ಸಿನಿಮಾ ಹಾಡು ಮಾತ್ರ ಸೇರಿಸಬೇಡಿ, ಹಕ್ಕಿನ ತಕರಾರು ಬಂದರೆ ವಿಡಿಯೋ ಮೂಕವಾಗುತ್ತದೆ.

ಅಕ್ಷರ ಒಡೆಯುವುದು ನಿಮ್ಮ ಆ್ಯಪ್‌ಗೆ ಕನ್ನಡ ಒತ್ತು ಜೋಡಿಸಲು ಬಾರದ್ದರಿಂದ. ಸರಿಯಾಗಿ ಬರುವ ಬೇರೆ ಕಡೆ ಆ ಸಾಲನ್ನು ಬರೆದು, ಹಿನ್ನೆಲೆ ಇಲ್ಲದ PNG ಚಿತ್ರವಾಗಿ ಉಳಿಸಿ ವಿಡಿಯೋದ ಮೇಲೆ ಇಡಿ. ಚಿತ್ರವಾದ ಮೇಲೆ ಅದು ಒಡೆಯುವುದಿಲ್ಲ. ಮಲಯಾಳದ ಸಾಲಿಗೂ ಹೀಗೇ ಮಾಡಿ, ಮತ್ತು ಅದನ್ನು ಓದಲು ಬರುವವರಿಂದ ಓದಿಸಿ. ಮುಗಿದ ಫೈಲನ್ನು ಒಬ್ಬರಿಂದ ಒಬ್ಬರಿಗೆ ವಾಟ್ಸಾಪಿನಲ್ಲಿ ಕಳುಹಿಸುವಾಗ ವಿಡಿಯೋ ಅಂತ ಬೇಡ, ಡಾಕ್ಯುಮೆಂಟ್ ಅಂತ ಕಳುಹಿಸಿ. ಇಲ್ಲದಿದ್ದರೆ ಪ್ರತಿ ಸಲ ಮಸುಕಾಗುತ್ತಾ ಹೋಗುತ್ತದೆ.

ಗಾಳಿಗೆ ಮಾಷ್ಟ್ರೇ ಹೇಳಬೇಕು.

ನೀರ್ಚಾಲು ಮಾಷ್ಟ್ರು

ಮೇಳದ ತೆರೆಯನ್ನು ಹಿಡಿಯುವವರು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ನಿಮ್ಮ ಹುಡುಗರು ಬಟ್ಟೆ ಒಣಗಿಸುವ ಹಾಗೆ ಹಿಡಿದಿರಬೇಕು. ಬಟ್ಟೆ ದಪ್ಪದ್ದಾಗಲಿ. ಕೆಳಗಿನ ಅಂಚನ್ನು ಮಡಚಿ ಹೊಲಿದು, ಒಳಗೆ ಸಣ್ಣ ಸರಪಣಿಯೋ ಭಾರದ ಹಗ್ಗವೋ ಹಾಕಿ. ಬೆಳಿಗ್ಗೆ ಬೇಗ ತೆಗೆಯಿರಿ, ಕಡಲಿನ ಗಾಳಿ ಏಳುವ ಮೊದಲು.

ಪೆರ್ಲದ ಟೀಚರ್

ನಮ್ಮ ಶಾಲೆಯಲ್ಲಿ ಕಡು ಕೆಂಪು ಬಣ್ಣದ ದಪ್ಪ ಪರದೆ ಇದೆ. ಅಗಲ ಹನ್ನೆರಡು ಅಡಿ ಇರಬಹುದು. ವಾರ್ಷಿಕೋತ್ಸವ ನಿಮ್ಮ ಹಬ್ಬದ ನಂತರವೇ. ಹೆಡ್ ಮಾಷ್ಟ್ರಲ್ಲಿ ಕೇಳಿ ಕೊಡಿಸುತ್ತೇನೆ. ಅಂಚು ಹೊಲಿದೇ ಕೊಡುತ್ತೇನೆ.

ಬದಿಯಡ್ಕದ ಹುಡುಗಿ

ಟೀಚರ್, ಶನಿವಾರ ಬೆಳಿಗ್ಗೆ 6ಕ್ಕೆ ಶೂಟಿಂಗ್ ಇಟ್ಟಿದ್ದೇವೆ. ಶುಕ್ರವಾರ ಸಂಜೆ ಪೆರ್ಲಕ್ಕೆ ಬಂದು ತೆಗೆದುಕೊಂಡು ಹೋಗಲಾ? ಹಬ್ಬದ ಸಂಜೆ ವೇದಿಕೆಗೂ ಅದೇ ಬೇಕು, ಅಲ್ಲಿಯವರೆಗೆ ಇಟ್ಟುಕೊಳ್ಳಬಹುದಾ ಅಂತಲೂ ಹೆಡ್ ಮಾಷ್ಟ್ರಲ್ಲಿ ಕೇಳಿ ನೋಡಿ.